ಬಿಸಿ ಚಟ್ನಿಗೆ ಮಿಕ್ಸಿ ಮುಚ್ಚಳ ಯಾಕೆ ಹಾರುತ್ತದೆ? ಜಾರಿಗೆ ಪೈಪು ಕಟ್ಟಿ ನೋಡಿದ ಲೆಕ್ಕ

ಬಿಸಿ ಪದಾರ್ಥವನ್ನು ಮಿಕ್ಸಿಗೆ ಹಾಕಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಎಷ್ಟು ಬಿಸಿ ಅಂದರೆ ಬಿಸಿ? ಬೆರಳಿಗೆ ತಾಗಿದರೆ ಸಾಕಾ, ಹೊಗೆಯಾಡುತ್ತಿರಬೇಕಾ? ಮುಚ್ಚಳ ಹಾರುವುದು ಸ್ವಿಚ್ ಹಾಕಿದ ಕೂಡಲೇನಾ, ಸ್ವಲ್ಪ ತಿರುಗಿದ ಮೇಲಾ? ಕೈಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದರೆ ತಡೆಯುತ್ತದಾ? ಇದಕ್ಕೆ ನನಗೆ ಎಲ್ಲೂ ಅಂಕಿಯಲ್ಲಿ ಉತ್ತರ ಸಿಗಲಿಲ್ಲ. ಹಾಗಾಗಿ ಜಾರಿನ ಒಳಗಿನ ಒತ್ತಡವನ್ನೇ ಅಳೆಯುವ ಒಂದು ಸರಳ ಸಾಧನ ಕಟ್ಟಿದೆ. ಅದರಲ್ಲಿ ಕಂಡದ್ದನ್ನು ಇಟ್ಟುಕೊಂಡು ಚಟ್ನಿ, ಸೂಪು ಎರಡಕ್ಕೂ ಒಂದು ಕ್ರಮ ಮಾಡಿಕೊಂಡೆ. ಕೆಲಸ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಒತ್ತಡದ ಪರೀಕ್ಷೆಗಳನ್ನೆಲ್ಲ, ಹೆಚ್ಚಿನವು ಬರೀ ನೀರಿನಲ್ಲಿ, 50 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡದೆ ನಡೆಸಿದೆ. ಅದಕ್ಕಿಂತ ಮೇಲಿನದು ಲೆಕ್ಕದಿಂದ ಬಂದದ್ದು. ಕುದಿಯುವ ನೀರು ಹಾಕಿ ಇದನ್ನು ಯಾರೂ ಮಾಡಿ ನೋಡಬಾರದು.

1. ಜಾರು ಮತ್ತು ಮುಚ್ಚಳ

ನನ್ನ ಹತ್ತಿರ ಇರುವುದು ಒಂದೂವರೆ ಲೀಟರಿನ ಸ್ಟೀಲ್ ಜಾರು. ಮುಚ್ಚಳ ಪಾರದರ್ಶಕ ಪ್ಲಾಸ್ಟಿಕ್‌ನದು, ಗುಮ್ಮಟದಂತೆ ಉಬ್ಬಿದೆ. ನಡುವೆ ಸುಮಾರು ಮೂರೂವರೆ ಸೆಂ.ಮೀ. ಅಗಲದ ತೂತು, ಅದಕ್ಕೊಂದು ಚಿಕ್ಕ ಮುಚ್ಚಳ. ದೊಡ್ಡ ಮುಚ್ಚಳ ಜಾರಿನ ಬಾಯಿಗೆ ಕೂರುವುದು ಸುತ್ತಲಿನ ರಬ್ಬರ್ ಗ್ಯಾಸ್ಕೆಟ್‌ನ ಬಿಗಿಯಿಂದ ಮಾತ್ರ. ತಿರುಗಿಸಿ ಬಿಗಿಯುವ ತಿರುಪು ಇಲ್ಲ, ಪಕ್ಕದಲ್ಲಿ ಲಾಕ್ ಇಲ್ಲ. ಜಾರಿನ ಬಾಯಿಯ ಒಳ ಅಗಲ 12 ಸೆಂ.ಮೀ.

ಈ 12 ಸೆಂ.ಮೀ. ಮುಂದಿನ ಎಲ್ಲ ಲೆಕ್ಕಕ್ಕೂ ಬೇಕು. ಅಷ್ಟು ಅಗಲದ ವೃತ್ತದ ವಿಸ್ತೀರ್ಣ ಸುಮಾರು 113 ಚದರ ಸೆಂ.ಮೀ. ಒಳಗಿನ ಒತ್ತಡ ಮುಚ್ಚಳದ ಪ್ರತಿ ಚದರ ಸೆಂಟಿಮೀಟರನ್ನೂ ಮೇಲಕ್ಕೆ ತಳ್ಳುತ್ತದೆ. ಚದರ ಸೆಂಟಿಮೀಟರಿಗೆ ಬರೀ 100 ಗ್ರಾಂ ಅಂದರೂ ಮುಚ್ಚಳದ ಮೇಲೆ ಒಟ್ಟು 11 ಕಿಲೋ ಆಯಿತು. ಅಗಲ ಬಾಯಿಯ ದೊಡ್ಡ ಜಾರಿನ ಮುಚ್ಚಳ ಚಟ್ನಿ ಜಾರಿನದಕ್ಕಿಂತ ಬೇಗ ಏಳುವುದಕ್ಕೆ ಇದೇ ಕಾರಣ. ಒತ್ತಡ ಅಷ್ಟೇ ಇದ್ದರೂ ಅದು ತಳ್ಳುವ ಜಾಗ ಜಾಸ್ತಿ.

ಗ್ಯಾಸ್ಕೆಟ್ ತೆಗೆದು ನೋಡಿದಾಗ ಒಂದು ಕಡೆ ಗಟ್ಟಿಯಾಗಿ ಚಪ್ಪಟೆಯಾಗಿತ್ತು. ಹೊಸದು ಹಾಕಿದೆ. ಹೊಸ ಗ್ಯಾಸ್ಕೆಟ್ ಹಾಕಿದರೆ ಬಿಸಿ ಪದಾರ್ಥಕ್ಕೆ ಜಾರು ಸುರಕ್ಷಿತ ಆಗುತ್ತದೆ ಅಂದುಕೊಳ್ಳುವುದು ಸಹಜ. ಆಗುವುದು ಅದರ ತಿರುಗುಮುರುಗು. ಹಳೆಯ ಗ್ಯಾಸ್ಕೆಟ್ ಅಲ್ಲಲ್ಲಿ ಗಾಳಿ ಬಿಡುತ್ತಿತ್ತು, ಒತ್ತಡ ಅಷ್ಟಷ್ಟೇ ಇಳಿಯುತ್ತಿತ್ತು. ಹೊಸದು ಬಿಗಿಯಾಗಿ ಹಿಡಿಯುತ್ತದೆ, ಹಾಗಾಗಿ ಒತ್ತಡ ಒಳಗೇ ಕೂಡಿಕೊಂಡು ಒಂದೇ ಸಲಕ್ಕೆ ಬಿಡುತ್ತದೆ. ಗ್ಯಾಸ್ಕೆಟ್ ಇರುವುದು ರುಬ್ಬುವಾಗ ಪಕ್ಕದಿಂದ ಸೋರದಿರಲಿ ಅಂತ, ಒತ್ತಡ ತಡೆಯಲಿ ಅಂತ ಅಲ್ಲ.

2. ಒತ್ತಡ ಅಳೆಯುವ ಪೈಪು

ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು ಗೊತ್ತಲ್ವಾ, ಅದನ್ನೇ ತೆಗೆದುಕೊಂಡೆ. ಒಳ ಅಗಲ 6 ಮಿ.ಮೀ., ಉದ್ದ 4 ಮೀಟರ್. ಎರಡು ಮೀಟರ್ ಭಾಗವನ್ನು ಒಂದು ಉದ್ದನೆಯ ಮರದ ಪಟ್ಟಿಯ ಮೇಲೆ ಇಂಗ್ಲಿಷಿನ U ಆಕಾರದಲ್ಲಿ ಬಗ್ಗಿಸಿ ಕಟ್ಟಿದೆ. ಎರಡೂ ಕಾಲುಗಳ ಅರ್ಧಕ್ಕೆ ಬರುವಷ್ಟು ಅರಿಶಿನ ಕದಡಿದ ನೀರು ತುಂಬಿ, ಪಕ್ಕದಲ್ಲಿ ಟೇಪು ಅಂಟಿಸಿದೆ. ಪೈಪಿನ ಒಂದು ತುದಿ ಬಯಲಿಗೆ ತೆರೆದಿದೆ. ಇನ್ನೊಂದು ತುದಿ ಒಂದು ರಬ್ಬರ್ ಬಿರಡೆಯ ಮೂಲಕ ಮುಚ್ಚಳದ ನಡುವಿನ ತೂತಿಗೆ ಹೋಗುತ್ತದೆ.

ಓದುವ ರೀತಿ ಸುಲಭ. ಜಾರಿನೊಳಗೆ ಒತ್ತಡ ಏರಿದರೆ ಒಂದು ಕಾಲಿನಲ್ಲಿ ನೀರು ಇಳಿದು ಇನ್ನೊಂದರಲ್ಲಿ ಏರುತ್ತದೆ. ಎರಡು ಮಟ್ಟಗಳ ನಡುವಿನ ಅಂತರವೇ ಒತ್ತಡ. ಒಂದು ಮೀಟರ್ ಅಂತರ ಅಂದರೆ ಚದರ ಸೆಂಟಿಮೀಟರಿಗೆ 100 ಗ್ರಾಂ, ನನ್ನ ಮುಚ್ಚಳಕ್ಕೆ 11 ಕಿಲೋ.

ಕಟ್ಟುವಾಗ ಎರಡು ತೊಂದರೆ ಬಂತು. ಬಿರಡೆ ಮೊದಲು ಸಡಿಲ ಇತ್ತು. ಸ್ವಿಚ್ ಹಾಕಿದ ಕೂಡಲೇ ಮುಚ್ಚಳದ ಬದಲು ಬಿರಡೆಯೇ ಕಿತ್ತುಕೊಂಡು ಬಂತು. ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ದಪ್ಪ ಮಾಡಿದ ಮೇಲೆ ನಿಂತಿತು. ಎರಡನೆಯದು ಹೆಚ್ಚು ಪಾಠ ಕಲಿಸಿತು. ಒಂದು ಅಳತೆ ಮುಗಿಸಿ ಮಿಕ್ಸಿ ನಿಲ್ಲಿಸಿ, ಮುಚ್ಚಳ ತೆಗೆಯದೆ ಹಾಗೇ ಬಿಟ್ಟಿದ್ದೆ. ಒಳಗಿನ ಗಾಳಿ ತಣ್ಣಗಾದಂತೆ ನೀರು ಹಿಂದಕ್ಕೆ ಸರಿಯಲು ಶುರುವಾಯಿತು, ಕೊನೆಗೆ ಅರಿಶಿನದ ನೀರು ಪೈಪಿನಿಂದ ಜಾರಿನೊಳಕ್ಕೇ ಹೀರಿಕೊಂಡಿತು. ಬಿಸಿಯಾದಾಗ ಒಳಗಿನ ಗಾಳಿ ಸ್ವಲ್ಪ ಹೊರಗೆ ಹೋಗಿದ್ದರೆ, ಏರಿದ ಒತ್ತಡ ಆಮೇಲೆ ಇಳಿಯುವಾಗ ಸೊನ್ನೆಗೇ ನಿಲ್ಲುವುದಿಲ್ಲ, ಕೆಳಗೂ ಹೋಗುತ್ತದೆ. ಬಿಸಿ ಚಟ್ನಿ ರುಬ್ಬಿ ಮುಚ್ಚಿಟ್ಟ ಜಾರಿನ ಮುಚ್ಚಳ ಅರ್ಧ ಗಂಟೆ ಆದ ಮೇಲೆ ಎಳೆದರೂ ಬರುವುದಿಲ್ಲವಲ್ಲ, ಅದಕ್ಕೆ ಕಾರಣ ಇದೇ.

3. ನೀರಿನ ಅಳತೆಗಳು

ಜಾರಿಗೆ 400 ಮಿ.ಲೀ. ನೀರು. ಪಕ್ಕದಲ್ಲಿ ಅಡುಗೆಯ ಡಿಜಿಟಲ್ ಥರ್ಮಾಮೀಟರ್. ಮುಚ್ಚಳದ ಅಂಚನ್ನು ದಪ್ಪ ಟವೆಲ್ ಇಟ್ಟು ಎರಡೂ ಅಂಗೈಯಿಂದ ಒತ್ತಿ ಹಿಡಿಯುವುದು. ಕೋಣೆಯ ಗಾಳಿ 28 ಡಿಗ್ರಿ ಇತ್ತು.

ತಣ್ಣೀರಿನಲ್ಲೇ ಅಂತರ ಕೆಲವು ಸೆಂ.ಮೀ. ಬಂತು. ಬಿಸಿಯೇ ಇಲ್ಲದೆ ಒತ್ತಡ ಎಲ್ಲಿಂದ ಅಂತ ಮೊದಲು ಸೋರಿಕೆಯನ್ನು ಹುಡುಕಿದೆ. ಸೋರಿಕೆ ಇರಲಿಲ್ಲ. ಮುಚ್ಚಿಟ್ಟ ಒಣ ಗಾಳಿಗೆ ಬ್ಲೇಡು ನೀರನ್ನು ಹನಿ ಹನಿಯಾಗಿ ಎರಚಿದಾಗ ಆ ಗಾಳಿ ತೇವ ಕುಡಿಯುತ್ತದೆ. ಅಷ್ಟು ಆವಿಯೂ ಜಾಗ ಕೇಳುತ್ತದೆ.

40 ಡಿಗ್ರಿಯ ನೀರು ಅಂದರೆ ಸ್ನಾನಕ್ಕೆ ಹಿತವಾದ ಬಿಸಿ. ಇದಕ್ಕೆ ಅಂತರ ಅರ್ಧ ಮೀಟರ್ ಆಸುಪಾಸು ಬಂತು. ಮುಚ್ಚಳಕ್ಕೆ ಐದಾರು ಕಿಲೋ. ಕೈ ಒತ್ತಿ ಹಿಡಿದಿದ್ದರಿಂದ ಏನೂ ಆಗಲಿಲ್ಲ. ಕೈ ತೆಗೆದು ಮಾಡಿದಾಗ ಮುಚ್ಚಳ ಸ್ವಲ್ಪ ಎದ್ದು ಓರೆಯಾಯಿತು, ಪಕ್ಕದಿಂದ ನೀರು ಜಿನುಗಿತು.

50 ಡಿಗ್ರಿಗೆ ಅಂತರ ಒಂದು ಮೀಟರ್ ಹತ್ತಿರ ಹೋಯಿತು. ಅಷ್ಟರಲ್ಲಿ ಗ್ಯಾಸ್ಕೆಟ್ ಪಕ್ಕದಿಂದ ಸುಯ್ ಅಂತ ಗಾಳಿ ಹೊರಟಿತು. ಎರಡೂ ಕೈಯಿಂದ ಒತ್ತಿದ್ದರೂ ಮುಚ್ಚಳ ಕೈಯನ್ನು ಮೇಲಕ್ಕೆ ತಳ್ಳುವುದು ಸ್ಪಷ್ಟವಾಗಿ ತಿಳಿಯಿತು. ಬಿಸಿ ಏರಿಸುವುದನ್ನು ಇಲ್ಲಿಗೆ ನಿಲ್ಲಿಸಿದೆ.

ಇಲ್ಲಿಂದ ಮುಂದೆ ನೀರಾವಿಯ ಒತ್ತಡದ ಪಟ್ಟಿಯೇ ಸಾಕು. ನೀರಿನ ಮೀಟರ್ ಲೆಕ್ಕದಲ್ಲೇ ಹೇಳುವುದಾದರೆ ಆವಿಯ ಒತ್ತಡ 40 ಡಿಗ್ರಿಗೆ ಮುಕ್ಕಾಲು ಮೀಟರ್, 60ಕ್ಕೆ ಎರಡು ಮೀಟರ್, 80ಕ್ಕೆ ಐದರ ಹತ್ತಿರ, 95ಕ್ಕೆ ಎಂಟೂವರೆಯ ಮೇಲೆ. ಇದು ಸಮಸಮವಾಗಿ ಏರುವುದಿಲ್ಲ. 40ರಿಂದ 60ಕ್ಕೆ ಹೋದಾಗ ಒಂದೂಕಾಲು ಮೀಟರ್ ಜಾಸ್ತಿ ಆದರೆ, 60ರಿಂದ 80ಕ್ಕೆ ಹೋದಾಗ ಸುಮಾರು ಮೂರು ಮೀಟರ್ ಜಾಸ್ತಿ. ಇದರ ಮೇಲೆ ಒಳಗಿನ ಗಾಳಿ ತಾನೇ ಬಿಸಿಯಾಗಿ ಹಿಗ್ಗುವುದು ಬೇರೆ ಸೇರುತ್ತದೆ. 80 ಡಿಗ್ರಿಯ ಸೂಪು ಹಾಕಿ, ತಣ್ಣನೆಯ ಮುಚ್ಚಳ ಬಿಗಿದು, ಕೂಡಲೇ ಜೋರಾಗಿ ತಿರುಗಿಸಿದರೆ ಐದಾರು ಮೀಟರ್ ಒತ್ತಡಕ್ಕೆ ಅವಕಾಶ ಇದೆ. ನನ್ನ ಮುಚ್ಚಳದ ಮೇಲೆ ಅದು 50 ಕಿಲೋ ದಾಟುತ್ತದೆ. ನಿಜವಾಗಿ ಅಷ್ಟು ಏರುವುದಿಲ್ಲ, ಯಾಕೆಂದರೆ ಅದಕ್ಕಿಂತ ಬಹಳ ಮೊದಲೇ ಮುಚ್ಚಳ ಎದ್ದಿರುತ್ತದೆ. ಒಂದು ಕೈಯಲ್ಲಿ ಹಿಡಿದು ತಡೆಯುವ ಮಾತು ಮಾತ್ರ ಇಲ್ಲಿ ಮುಗಿದಂತೆ.

ಇಷ್ಟಕ್ಕೆ ಬೇಕಾದ ಆವಿ ಎಷ್ಟು ಗೊತ್ತಾ? 80 ಡಿಗ್ರಿಯಲ್ಲಿ ಒಂದು ಲೀಟರ್ ಜಾಗ ಹಿಡಿಸುವ ಆವಿಯ ತೂಕ 0.3 ಗ್ರಾಂ. ಅಂದರೆ ಐದಾರು ಹನಿ ನೀರು. ಕುದಿಯಬೇಕಾಗಿಲ್ಲ, ಹಬೆ ಬುಸುಗುಟ್ಟಬೇಕಾಗಿಲ್ಲ. ಹೊಗೆ ನಿಂತಿದೆ, ಇನ್ನು ಹಾಕಬಹುದು ಅನ್ನುವ ಅಂದಾಜು ಇದರಿಂದಲೇ ಕೈಕೊಡುತ್ತದೆ.

4. ಮೊದಲ ಸೆಕೆಂಡು

ಪೈಪಿನಲ್ಲಿ ನೋಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದು.

50 ಡಿಗ್ರಿಯ ನೀರು ಹಾಕಿ, ಮುಚ್ಚಳ ಒತ್ತಿ, ಸ್ವಿಚ್ ಹಾಕದೆ ಸುಮ್ನೆ ನೋಡುತ್ತಾ ಕೂತೆ. ನೀರಿನ ಮಟ್ಟ ನಿಧಾನಕ್ಕೆ, ಕಣ್ಣಿಗೆ ತಿಳಿಯದಷ್ಟು ಮೆಲ್ಲಗೆ ಏರಿತು. ಆಮೇಲೆ ಪಲ್ಸ್ ಕೊಟ್ಟೆ. ಮಟ್ಟ ಒಂದೇ ಸೆಕೆಂಡಿನಲ್ಲಿ ಮೇಲಕ್ಕೆ ನೆಗೆಯಿತು.

ಹಾಗೇ ನಿಂತ ಬಿಸಿ ನೀರಿನ ಮೇಲೆ ಗಾಳಿ ತಣ್ಣಗೇ ಕೂತಿರುತ್ತದೆ. ನೀರಿಗೂ ಗಾಳಿಗೂ ತಾಗುವ ಜಾಗ ಜಾರಿನ ಅಗಲದಷ್ಟೇ. ಬ್ಲೇಡು ತಿರುಗಿದ ಕೂಡಲೇ ನೀರು ಸಾವಿರಾರು ಹನಿಗಳಾಗಿ ಗಾಳಿಯಲ್ಲೆಲ್ಲ ಹಾರುತ್ತದೆ. ತಾಗುವ ಜಾಗ ಎಷ್ಟೋ ಪಟ್ಟು ಆಗುತ್ತದೆ. ನಿಮಿಷಗಟ್ಟಲೆ ಆಗಬೇಕಿದ್ದ ಕೆಲಸ, ಅಂದರೆ ಗಾಳಿ ಬಿಸಿಯಾಗುವುದು ಮತ್ತು ಆವಿ ತುಂಬಿಕೊಳ್ಳುವುದು, ಸೆಕೆಂಡಿನಲ್ಲಿ ಮುಗಿಯುತ್ತದೆ.

ಮುಚ್ಚಳ ತೆಗೆಯದೆ ಎರಡನೇ ಪಲ್ಸ್ ಕೊಟ್ಟಾಗ ಮಟ್ಟ ಅಲ್ಲಿಂದ ಮೇಲೆ ಹೋದದ್ದು ತೀರ ಕಡಿಮೆ. ಗಾಳಿಗೆ ಎಷ್ಟು ಬೇಕೋ ಅಷ್ಟು ಆವಿ ಆಗಲೇ ಸೇರಿತ್ತು. ಆಮೇಲೆ ಬಿರಡೆಯನ್ನು ಸ್ವಲ್ಪ ಎತ್ತಿ, ಫುಸ್ ಅಂತ ಗಾಳಿ ಬಿಟ್ಟು, ಕೂಡಲೇ ಮತ್ತೆ ಕೂರಿಸಿ ಪಲ್ಸ್ ಕೊಟ್ಟೆ. ಈ ಸಲ ಮಟ್ಟ ಅಲುಗಾಡಿತು ಅಷ್ಟೇ. ಒಳಗೆ ಉಳಿದಿದ್ದದ್ದು ಬಿಸಿಯಾಗಿ, ತೇವ ತುಂಬಿದ ಗಾಳಿ. ಅದು ಮತ್ತೆ ಹಿಗ್ಗಬೇಕಾಗಿಲ್ಲ.

ಮುಚ್ಚಳ ಪೂರ್ತಿ ತೆಗೆದು, ಒಂದು ನಿಮಿಷ ಹಾಗೇ ಬಿಟ್ಟು, ಮತ್ತೆ ಮುಚ್ಚಿ ಪಲ್ಸ್ ಕೊಟ್ಟೆ. ಮೊದಲಿನ ನೆಗೆತ ಮತ್ತೆ ಬಂತು. ಹೊರಗಿನ ತಣ್ಣನೆ ಗಾಳಿ ಒಳಗೆ ಸೇರಿದೆ, ಆಟ ಮೊದಲಿನಿಂದ ಶುರು.

ಮನೆಗಳಲ್ಲಿ ಆಗುವ ಎಷ್ಟೋ ಅವಘಡಗಳ ವಿವರ ಈಗ ಅರ್ಥವಾಗುತ್ತದೆ. ಒಮ್ಮೆ ತಿರುಗಿಸಿ ಏನೂ ಆಗಲಿಲ್ಲ, ಮುಚ್ಚಳ ತೆಗೆದು ಉಪ್ಪು ಹಾಕಿ ಕೆದಕಿ ಮತ್ತೆ ಮುಚ್ಚಿದೆವು, ಎರಡನೇ ಸಲಕ್ಕೆ ಹಾರಿತು ಅಂತ ಜನ ಹೇಳುತ್ತಾರೆ. ಮೊದಲ ಸಲ ಏನೂ ಆಗದ್ದು ಧೈರ್ಯ ಕೊಟ್ಟು, ಎರಡನೇ ಸಲ ಕೈ ಸಡಿಲ ಬಿಟ್ಟಿರುತ್ತಾರೆ. ಪ್ರತಿ ಸಲ ಮುಚ್ಚಳ ತೆರೆದು ಹಾಕಿದಾಗಲೂ ಅದು ಮೊದಲ ಸಲವೇ.

5. ತೂತು ಎಷ್ಟಿರಬೇಕು

ಆವಿಗೆ ದಾರಿ ಕೊಟ್ಟರೆ ಮುಗಿಯಿತಲ್ಲ, ಎಷ್ಟು ದೊಡ್ಡ ದಾರಿ ಬೇಕು ಅನ್ನುವುದೇ ಪ್ರಶ್ನೆ. ಬಿರಡೆಯಲ್ಲಿ ಪೈಪಿನ ಪಕ್ಕ ಇನ್ನೊಂದು ತೂತು ಕೊರೆದೆ. ಮೊದಲು 3 ಮಿ.ಮೀ.

ಬರೀ ನೀರಿಗೆ ಇದು ಧಾರಾಳ ಸಾಕಾಯಿತು. 50 ಡಿಗ್ರಿಯಲ್ಲಿ ಮಟ್ಟ ಸಣ್ಣದೊಂದು ನೆಗೆತ ತೋರಿಸಿ ಇಳಿಯಿತು. ಹೊರಗೆ ಹೋಗಬೇಕಾದ ಗಾಳಿ ಅಷ್ಟೇನೂ ಇಲ್ಲ. ಇಷ್ಟು ಚಿಕ್ಕ ತೂತೇ ಸಾಕು ಅನ್ನಿಸಿ, ನೀರಿಗೆ ಬೇಯಿಸಿದ ಟೊಮೇಟೊ ಸೇರಿಸಿ ಅದೇ 50 ಡಿಗ್ರಿಯಲ್ಲಿ ತಿರುಗಿಸಿದೆ. ಶುರುವಿನಲ್ಲಿ ಮಟ್ಟ ಕೆಳಗೇ ಇತ್ತು. ಇದ್ದಕ್ಕಿದ್ದಂತೆ ಏರಲು ಶುರುವಾಯಿತು. ನಿಲ್ಲಿಸಿ ಬಿರಡೆ ತಿರುಗಿಸಿ ನೋಡಿದರೆ ತೂತಿನ ಬಾಯಿಗೆ ಟೊಮೇಟೊ ಸಿಪ್ಪೆಯ ಒಂದು ಚೂರು ಅಂಟಿಕೊಂಡಿತ್ತು. ಕೊತ್ತಂಬರಿ ಎಲೆ, ಕರಿಬೇವು, ಮೆಣಸಿನ ಬೀಜ ಯಾವುದಾದರೂ ಇದೇ ಮಾಡುತ್ತದೆ. ಮುಚ್ಚಳದಲ್ಲಿ ತೂತು ಇದೆ ಅನ್ನುವ ನಂಬಿಕೆಯಲ್ಲಿ ನಾವಿರುತ್ತೇವೆ, ಅದು ಮುಚ್ಚಿಹೋಗಿರುತ್ತದೆ.

10 ಮಿ.ಮೀ. ತೂತು ಮಾಡಿದ ಮೇಲೆ ಸಿಪ್ಪೆಗೆ ಮುಚ್ಚಲಿಲ್ಲ. ಆದರೆ ಜಾರು ಅರ್ಧಕ್ಕಿಂತ ಜಾಸ್ತಿ ತುಂಬಿದಾಗ ಆ ತೂತಿನಿಂದ ಟೊಮೇಟೊ ಪಿಚಕಾರಿಯಂತೆ ಚಿಮ್ಮಿತು. ತಿರುಗುವ ದ್ರವ ಜಾರಿನ ಗೋಡೆ ಹತ್ತಿ ಮುಚ್ಚಳಕ್ಕೆ ಬಡಿಯುತ್ತದೆ, ಅಲ್ಲಿಂದ ನಡುವಿನ ತೂತಿಗೆ ಬರುತ್ತದೆ. ತೂತು ಎಷ್ಟೇ ದೊಡ್ಡದಿದ್ದರೂ ಅದರ ಮುಂದೆ ದ್ರವ ಇದ್ದರೆ ಹೊರಗೆ ಹೋಗುವುದು ಆವಿಯಲ್ಲ, ದ್ರವ. ಬಿಸಿ ಪದಾರ್ಥಕ್ಕೆ ಜಾರನ್ನು ಮೂರನೇ ಒಂದು ಭಾಗ ಮಾತ್ರ ತುಂಬಬೇಕು ಅನ್ನುವುದು ಇದಕ್ಕೇ. ನನ್ನ ಒಂದೂವರೆ ಲೀಟರಿನ ಜಾರಿಗೆ ಅದು ಅರ್ಧ ಲೀಟರ್. ಅಷ್ಟಕ್ಕೆ ಚಿಮ್ಮುವುದು ನಿಂತಿತು.

ಈ ಹಂತದಲ್ಲಿ ಬಿರಡೆಯನ್ನು ಬಿಟ್ಟೆ. ಮುಚ್ಚಳದಲ್ಲೇ ಮೂರೂವರೆ ಸೆಂ.ಮೀ. ತೂತು ಇರುವಾಗ ಬೇರೆ ಯಾಕೆ? ಚಿಕ್ಕ ಮುಚ್ಚಳ ತೆಗೆದು, ತೂತಿನ ಮೇಲೆ ತೆಳುವಾದ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಕಿ, ಬಟ್ಟೆಯ ಅಂಚಿನ ಮೇಲೆ ಕೈ ಇಟ್ಟು ತಿರುಗಿಸಿದೆ. ಮುಚ್ಚಳ ಕೈಯನ್ನು ತಳ್ಳುವುದು ಒಂದಿಷ್ಟೂ ತಿಳಿಯಲಿಲ್ಲ. ಆವಿ ಬಟ್ಟೆಯ ಮೂಲಕ ಹೊರಬಂತು, ಹನಿಗಳು ಬಟ್ಟೆಗೆ ಅಂಟಿದವು.

ಬಟ್ಟೆ ಒಣಗಿದ್ದಾಗ ಮಾತ್ರ ಹೀಗೆ. ಒದ್ದೆ ಬಟ್ಟೆಯನ್ನು ನಾಲ್ಕೈದು ಮಡಿಕೆ ಹಾಕಿ ಒತ್ತಿ ಹಿಡಿದಾಗ ಮುಚ್ಚಳ ಮತ್ತೆ ಕೈಯನ್ನು ತಳ್ಳಿತು. ನೂಲಿನ ಸಂದುಗಳಲ್ಲಿ ನೀರು ತುಂಬಿಕೊಂಡರೆ ಗಾಳಿ ಹಾಯುವುದು ಕಷ್ಟ. ಜೊತೆಗೆ ಒದ್ದೆ ಬಟ್ಟೆಯ ಮೂಲಕ ಬಿಸಿ ಬೇಗ ಕೈಗೆ ಬರುತ್ತದೆ. ಒಂದು ಸಲ ರುಬ್ಬಿ ಬಟ್ಟೆ ನೆಂದರೆ ಬದಲಿಸುವುದೇ ಸರಿ. ಅಂಗೈಯನ್ನು ತೂತಿನ ನೇರಕ್ಕೆ ಇಡಬಾರದು, ಬೆರಳು ಸುತ್ತಲಿನ ಅಂಚಿನ ಮೇಲೆ ಇರಬೇಕು.

ತೂತಿಲ್ಲದ ಮುಚ್ಚಳಕ್ಕೆ ಡ್ರಿಲ್ ಹಾಕುವ ಯೋಚನೆ ಬರಬಹುದು. ನಾನು ಬೇಡ ಅನ್ನುತ್ತೇನೆ. ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಕೊರೆದ ತೂತಿನ ಅಂಚಿನಿಂದ ಬಿರುಕು ಬಿಡುವುದು ಸಾಮಾನ್ಯ, ಅದರ ಚೂರು ಬೀಳುವುದು ಊಟಕ್ಕೆ. ಅಂಥ ಜಾರಿನಲ್ಲಿ ತಣ್ಣಗಾದದ್ದನ್ನು ಮಾತ್ರ ರುಬ್ಬಿ.

6. ಟೊಮೇಟೊ ಚಟ್ನಿ

ನೀರಿನಲ್ಲಿ ಕಂಡದ್ದು ಗಟ್ಟಿ ಪದಾರ್ಥದಲ್ಲಿ ಹಾಗೇ ನಡೆಯುವುದಿಲ್ಲ. ಚಟ್ನಿಗೆ ಅದರದೇ ಎರಡು ತೊಂದರೆ ಇವೆ.

ಟೊಮೇಟೊ, ಈರುಳ್ಳಿ, ಮೆಣಸಿನಕಾಯಿ ಹುರಿದು, ನೀರು ಇಂಗಿಸಿ, ಗಟ್ಟಿ ಮಾಡಿಕೊಂಡೆ. ಒಲೆಯಿಂದ ಇಳಿಸಿದಾಗ 92 ಡಿಗ್ರಿ. ಬಾಣಲೆಯಲ್ಲೇ ಕಾಲು ಗಂಟೆ ಬಿಟ್ಟೆ. ಹೊಗೆ ನಿಂತಿತ್ತು, ಮೇಲೆ ತೆಳ್ಳಗೆ ಕೆನೆಗಟ್ಟಿತ್ತು. ಮೇಲ್ಭಾಗ 60ರ ಒಳಗೆ ತೋರಿಸಿತು. ಥರ್ಮಾಮೀಟರಿನ ಕಡ್ಡಿಯನ್ನು ನಡುವಿಗೆ ಇಳಿಸಿದರೆ 75ರ ಮೇಲೆ! ಗಟ್ಟಿ ಪದಾರ್ಥ ಒಳಗೆ ಕದಲುವುದಿಲ್ಲ, ಹಾಗಾಗಿ ಒಳಗಿನ ಬಿಸಿ ಮೇಲೆ ಬರುವುದಿಲ್ಲ. ಮೇಲೆ ಬೆರಳಿಟ್ಟು ನೋಡಿ ಜಾರಿಗೆ ಹಾಕಿದರೆ ಬ್ಲೇಡು ಆ 75ನ್ನು ಒಂದೇ ಸಲಕ್ಕೆ ಹೊರಗೆ ತರುತ್ತದೆ.

ಅದನ್ನೇ ಅಗಲ ತಟ್ಟೆಗೆ ಸುರಿದು ಒಂದು ಸೆಂ.ಮೀ. ದಪ್ಪಕ್ಕೆ ಹರಡಿದೆ. ಹತ್ತು ನಿಮಿಷದ ಒಳಗೆ ಎಲ್ಲ ಕಡೆ 50ರ ಆಸುಪಾಸಿಗೆ ಇಳಿಯಿತು. ಬಾಣಲೆಯಲ್ಲಿ ಇನ್ನರ್ಧ ಗಂಟೆ ಕಾಯುವುದಕ್ಕಿಂತ ಇದು ಮೇಲು. ತಟ್ಟೆ ಇಲ್ಲದಿದ್ದರೆ ಐಸ್ ಇನ್ನೊಂದು ದಾರಿ. ಚಟ್ನಿಗೆ ಹೇಗಿದ್ದರೂ ಸ್ವಲ್ಪ ನೀರು ಸೇರಿಸುತ್ತೇವೆ, ಆ ನೀರನ್ನೇ ಐಸ್ ರೂಪದಲ್ಲಿ ಹಾಕುವುದು. 85 ಡಿಗ್ರಿಯ 250 ಗ್ರಾಂ ಪದಾರ್ಥಕ್ಕೆ 50 ಗ್ರಾಂ ಐಸ್ ಸೇರಿಸಿ ಕರಗುವ ತನಕ ಕೈಯಾಡಿಸಿದರೆ ಸುಮಾರು 56 ಡಿಗ್ರಿಗೆ ಬರುತ್ತದೆ. 50 ಗ್ರಾಂ ತಣ್ಣೀರಿಗೆ ಅಷ್ಟು ಇಳಿಸುವ ಶಕ್ತಿ ಇಲ್ಲ, ಐಸ್ ಕರಗುವಾಗಲೇ ಬಹಳ ಬಿಸಿ ಎಳೆದುಕೊಳ್ಳುತ್ತದೆ. ಐಸನ್ನು ಜಾರಿನಲ್ಲಲ್ಲ, ಬಾಣಲೆಯಲ್ಲೇ ಕರಗಿಸಬೇಕು.

ಎರಡನೇ ತೊಂದರೆ ಬ್ಲೇಡಿನದು. ಗಟ್ಟಿ ಚಟ್ನಿಗೆ ಸ್ವಿಚ್ ಹಾಕಿದಾಗ ಬ್ಲೇಡು ತನ್ನ ಸುತ್ತ ಒಂದು ಪೊಳ್ಳು ಮಾಡಿಕೊಂಡು ಅದರಲ್ಲೇ ಸುಮ್ನೆ ತಿರುಗುತ್ತದೆ. ಮೇಲಿನ ಪದಾರ್ಥ ಕದಲುವುದಿಲ್ಲ. ಇದನ್ನು ಕಿವಿಯಿಂದಲೇ ಹೇಳಬಹುದು. ಮೋಟಾರಿನ ದನಿ ಭಾರ ಇಲ್ಲದಂತೆ ಕೀಚಲಾಗುತ್ತದೆ. ಆಗ ಎಲ್ಲರೂ ಮಾಡುವುದು ಏನು? ತಿರುಗುತ್ತಿರುವಾಗಲೇ ಜಾರನ್ನು ಅಲುಗಿಸುತ್ತೇವೆ, ಅಥವಾ ವೇಗ ಹೆಚ್ಚಿಸುತ್ತೇವೆ. ಪೊಳ್ಳು ಕುಸಿದು ಪದಾರ್ಥ ಒಮ್ಮೆಲೇ ಬ್ಲೇಡಿಗೆ ಸಿಗುತ್ತದೆ. ಆ ಕ್ಷಣದಲ್ಲಿ ಒಳಗಿನ ಬಿಸಿ ಪದಾರ್ಥ ಎಲ್ಲಾ ಕಡೆ ಎರಚುತ್ತದೆ, ಅದೂ ಪೂರ್ತಿ ವೇಗದಲ್ಲಿ. ಚಟ್ನಿಯ ಮುಚ್ಚಳ ಶುರುವಿನಲ್ಲಿ ಅಲ್ಲದೆ ನಡುವೆ ಹಾರುವುದು ಬಹುತೇಕ ಹೀಗೆ.

ದನಿ ಕೀಚಲಾದರೆ ಸ್ವಿಚ್ ಆಫ್ ಮಾಡುವುದು, ಬ್ಲೇಡು ನಿಲ್ಲುವ ತನಕ ಕಾಯುವುದು, ಮುಚ್ಚಳ ತೆಗೆದು ಚಮಚದಿಂದ ಕೆದಕಿ ತಳಕ್ಕೆ ಇಳಿಸುವುದು, ಬೇಕಿದ್ದರೆ ಒಂದೆರಡು ಚಮಚ ತಣ್ಣೀರು. ಮತ್ತೆ ಪಲ್ಸ್‌ನಿಂದ ಶುರು. ಮುಂಚೆ ಹೇಳಿದಂತೆ ಮುಚ್ಚಳ ತೆರೆದದ್ದರಿಂದ ಇದು ಮತ್ತೆ ಮೊದಲ ಸೆಕೆಂಡು.

ಒಗ್ಗರಣೆ ಎಣ್ಣೆಯನ್ನು ಜಾರಿಗೆ ಹಾಕಿ ಜೊತೆಗೇ ರುಬ್ಬುವ ಅಭ್ಯಾಸ ಕೆಲವರಿಗೆ ಇದೆ. ಅದನ್ನು ಖಂಡಿತ ಬಿಡಬೇಕು. ನೀರು 100 ಡಿಗ್ರಿ ದಾಟುವುದಿಲ್ಲ, ಸಾಸಿವೆ ಸಿಡಿಯುವ ಎಣ್ಣೆ ಅದಕ್ಕಿಂತ ಬಹಳ ಮೇಲಿರುತ್ತದೆ. ಅಂಥ ಎಣ್ಣೆಗೆ ಒದ್ದೆ ಚಟ್ನಿ ತಾಗಿದರೆ ಅಲ್ಲಲ್ಲಿ ನೀರು ಕೂಡಲೇ ಕುದಿದು ಆವಿಯಾಗುತ್ತದೆ. ಉಳಿದ ಚಟ್ನಿ ತಣ್ಣಗಿದ್ದರೂ ಅಷ್ಟೇ. ಒಗ್ಗರಣೆ ರುಬ್ಬಿದ ಮೇಲೆ, ಪಾತ್ರೆಯಲ್ಲಿ.

7. ಸೂಪು

ಸೂಪಿಗೆ ಕಾಯುವುದೇ ಬೇಡ ಅಂತ ಗೊತ್ತಾಯಿತು. ಕ್ಯಾರೆಟ್ ಸೂಪು ಮಾಡಿ ನೋಡಿದೆ. ಬೆಂದ ತರಕಾರಿಯನ್ನು ಜಾಲರಿ ಸೌಟಿನಿಂದ ಬಸಿದು ತೆಗೆದರೆ 300 ಗ್ರಾಂ, ಬಿಸಿ 90ರ ಹತ್ತಿರ. ಬೆಂದ ನೀರನ್ನು ಒಲೆಯ ಮೇಲೇ ಬಿಟ್ಟೆ. ತರಕಾರಿಗೆ ಫ್ರಿಜ್ಜಿನ 8 ಡಿಗ್ರಿಯ ನೀರು 200 ಗ್ರಾಂ ಸೇರಿಸಿದೆ. ಲೆಕ್ಕ: 300 × 90 ಮತ್ತು 200 × 8 ಕೂಡಿಸಿ 500ರಿಂದ ಭಾಗಿಸಿದರೆ 57. ಕೈಯಾಡಿಸಿ ಒಂದೆರಡು ನಿಮಿಷ ಬಿಟ್ಟು ಅಳೆದಾಗ ಹೆಚ್ಚುಕಡಿಮೆ ಅಷ್ಟೇ ಬಂತು. ತುಂಡುಗಳು ದೊಡ್ಡದಿದ್ದರೆ ಅವುಗಳ ಒಳಗೆ ಬಿಸಿ ಉಳಿದಿರುತ್ತದೆ, ಹಾಗಾಗಿ ಆ ಒಂದೆರಡು ನಿಮಿಷ ಬೇಕೇ ಬೇಕು.

ಚಿಕ್ಕ ಮುಚ್ಚಳ ತೆಗೆದು, ಒಣ ಬಟ್ಟೆ ಹಾಕಿ, ಮೊದಲು ಅರ್ಧ ಸೆಕೆಂಡಿನ ಎರಡು ಪಲ್ಸ್, ಆಮೇಲೆ ಒಂದನೇ ನಂಬರಿನಲ್ಲಿ ನುಣ್ಣಗಾಗುವ ತನಕ. ರುಬ್ಬಿದ್ದನ್ನು ಒಲೆಯ ಮೇಲಿನ ಬಿಸಿ ನೀರಿಗೆ ಹಾಕಿ ಒಂದು ಕುದಿ ಬರಿಸಿದರೆ ಸೂಪು ಮೊದಲಿನಷ್ಟೇ ಬಿಸಿ. ರುಬ್ಬುವಾಗ ಬಿಸಿ ಇರಬೇಕಾದ ಅಗತ್ಯವೇ ಇಲ್ಲ. ಪಾತ್ರೆಯಲ್ಲೇ ಇಳಿಸಿ ಕಡೆಯುವ ಹ್ಯಾಂಡ್ ಬ್ಲೆಂಡರ್ ಇರುವವರಿಗೆ ಇಷ್ಟೂ ಬೇಡ. ಅಲ್ಲಿ ಮುಚ್ಚಿದ ಜಾಗವೇ ಇಲ್ಲ. ಸಿಡಿಯುವುದು ಮಾತ್ರ ಇರುತ್ತದೆ, ಬ್ಲೇಡು ಪೂರ್ತಿ ಮುಳುಗಿರಬೇಕು.

ತುಂಬಾ ಹೊತ್ತು ಓಡಿಸಿದರೆ ಮಿಕ್ಸಿಯೇ ಪದಾರ್ಥವನ್ನು ಬಿಸಿ ಮಾಡುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ. 750 ವ್ಯಾಟಿನ ಮೋಟಾರಿನ ಅರ್ಧ ಶಕ್ತಿ ಪದಾರ್ಥಕ್ಕೆ ಸೇರಿದರೂ ಅರ್ಧ ಕಿಲೋ ಸೂಪು ನಿಮಿಷಕ್ಕೆ ಹತ್ತು ಡಿಗ್ರಿ ಏರಬಹುದು. 55ರಲ್ಲಿ ಹಾಕಿದ್ದು ಎರಡು ನಿಮಿಷ ಬಿಡದೆ ಓಡಿಸಿದರೆ 75 ಆಗಬಹುದು. ನಡುನಡುವೆ ನಿಲ್ಲಿಸಿ ಕೊಡುವ ಬಿಡುವು ಮೋಟಾರಿಗೆ ಮಾತ್ರ ಒಳ್ಳೆಯದಲ್ಲ.

8. ನಾನು ಪರೀಕ್ಷೆ ಮಾಡದ ಜಾರು

ಬ್ಲೇಡಿನ ಬುಡಕ್ಕೇ ತಿರುಪು ಇದ್ದು, ಲೋಟವನ್ನು ತಿರುಗಿಸಿ ಬಿಗಿದು ಬೋರಲು ಹಾಕುವ ಚಿಕ್ಕ ಬ್ಲೆಂಡರುಗಳಿವೆ. ಅದಕ್ಕೆ ಪೈಪು ಕಟ್ಟಲಿಲ್ಲ, 40 ಡಿಗ್ರಿಯ ನೀರನ್ನೂ ಹಾಕಲಿಲ್ಲ. ಒತ್ತುವ ಮುಚ್ಚಳ ಒತ್ತಡ ಏರಿದಾಗ ಎದ್ದುಬಿಡುತ್ತದೆ, ಅಲ್ಲಿಗೆ ಒತ್ತಡ ಮುಗಿಯುತ್ತದೆ. ತಿರುಪಿನ ಲೋಟದಲ್ಲಿ ಆವಿಗೆ ಎಲ್ಲೂ ದಾರಿ ಇಲ್ಲ. ಮಿಕ್ಸಿ ನಿಂತ ಮೇಲೂ ಒತ್ತಡ ಒಳಗೇ ಕೂತಿರುತ್ತದೆ. ಲೋಟ ಕೈಗೆತ್ತಿಕೊಂಡು ತಿರುಪು ಬಿಚ್ಚುತ್ತೇವೆ, ಕೊನೆಯ ಸುತ್ತಿನಲ್ಲಿ ಎಲ್ಲವೂ ಒಮ್ಮೆಲೇ ಬಿಡುತ್ತದೆ. ಆಗ ಬ್ಲೇಡು, ಬಿಸಿ ಪದಾರ್ಥ ಎರಡೂ ನಮ್ಮ ಎದೆ ಮತ್ತು ಮುಖದ ಹತ್ತಿರ ಇರುತ್ತವೆ. ಇದಕ್ಕೆ ಬೆಚ್ಚಗಿನದನ್ನೂ ಹಾಕುವ ಹಾಗಿಲ್ಲ. ಅಪ್ಪಿತಪ್ಪಿ ಹಾಕಿ ತಿರುಗಿಸಿಯಾಗಿದ್ದರೆ ಬಿಚ್ಚಬೇಡಿ. ಸ್ವಿಚ್ ಆಫ್ ಮಾಡಿ, ಮುಟ್ಟದೆ, ಪೂರ್ತಿ ತಣ್ಣಗಾಗುವ ತನಕ ಹಾಗೇ ಬಿಡಿ. ತಣ್ಣಗಾದರೆ ಆ ಒತ್ತಡ ತಾನಾಗಿ ಇಳಿಯುತ್ತದೆ, ಪೈಪಿನಲ್ಲಿ ಅರಿಶಿನದ ನೀರು ಹಿಂದೆ ಸರಿದಂತೆ.

ಯಾವ ಜಾರಿನ ಕೈಪಿಡಿಯಾದರೂ ಬಿಸಿ ಹಾಕಬೇಡಿ ಅಂದಿದ್ದರೆ ನನ್ನ ಅಂಕಿಗಳನ್ನು ಬಿಟ್ಟು ಅದನ್ನೇ ಪಾಲಿಸಿ.

9. ತಳದ ಸೋರಿಕೆ

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಜಾರನ್ನು ತಿರುಗಿಸಿ ನೋಡಿದೆ. ತಳದಲ್ಲಿ ಮೋಟಾರಿಗೆ ಕಚ್ಚಿಕೊಳ್ಳುವ ಕಪ್ಲರ್ ಸುತ್ತ ಕಪ್ಪು ಜಿಡ್ಡು ನೀರು ನಿಂತಿತ್ತು. ಒತ್ತಡ ಮುಚ್ಚಳವನ್ನು ಮಾತ್ರ ತಳ್ಳುವುದಿಲ್ಲ, ಬ್ಲೇಡಿನ ಕಡ್ಡಿ ಹಾದುಹೋಗುವ ಬುಷ್ ಕಡೆಯೂ ದ್ರವವನ್ನು ನೂಕುತ್ತದೆ. ಅಲ್ಲಿನ ಸೀಲ್ ಸವೆದಿದ್ದರೆ ಬಿಸಿ ದ್ರವ ಬುಷ್‌ನ ಗ್ರೀಸನ್ನು ತೊಳೆದುಕೊಂಡು ಕೆಳಗೆ ಇಳಿಯುತ್ತದೆ, ಮೋಟಾರಿನ ಮೇಲೇ ಬೀಳುತ್ತದೆ. ಮುಚ್ಚಳ ಎಂದೂ ಹಾರದ ಮನೆಯಲ್ಲೂ ಈ ಕಪ್ಪು ಜಿಡ್ಡು ಕಂಡರೆ, ಬಿಸಿಯನ್ನು ಮುಚ್ಚಿ ರುಬ್ಬುತ್ತಿರುವುದೂ ಅದಕ್ಕೆ ಒಂದು ಕಾರಣ ಇರಬಹುದು.

ಬ್ಲೇಡು ಬಿಚ್ಚಿ, ಬುಷ್ ಮತ್ತು ಸೀಲ್ ಎರಡನ್ನೂ ಬದಲಿಸಿದೆ. ಕಡ್ಡಿ ಕೈಯಲ್ಲಿ ಅಲ್ಲಾಡದಷ್ಟು ಬಿಗಿಯಾಗಿ, ಬೆರಳಿನಿಂದ ತಿರುಗಿಸಿದರೆ ತಡೆಯಿಲ್ಲದೆ ತಿರುಗುವಂತಿರಬೇಕು. ಜಾರಿಗೆ ನೀರು ತುಂಬಿ ಒಣ ಕಾಗದದ ಮೇಲೆ ಒಂದು ರಾತ್ರಿ ಇಟ್ಟೆ. ಬೆಳಗ್ಗೆ ಕಾಗದ ಒಣಗಿಯೇ ಇತ್ತು.